ಲೀಸ್‌ಗೆ ತರೋದಾ, ಕೊಳ್ಳೋದಾ: ಪೀಣ್ಯದ ಒಂದು ವಿಎಂಸಿ ಯಂತ್ರದ ಲೆಕ್ಕ

ಇದು ನಾನು ಲೆಕ್ಕಪತ್ರ ನೋಡಿಕೊಳ್ಳುವ ಒಂದು ಪಾಲುದಾರಿಕೆ ಸಂಸ್ಥೆಯ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗ್ರಾಹಕರು, ಬ್ಯಾಂಕು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಮೊತ್ತಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಆದರೆ ಲೆಕ್ಕದ ದಾರಿ ಮತ್ತು ಬಂದ ತೀರ್ಮಾನ ಎರಡೂ ಹಾಗೇ ಇವೆ.

ಹಿನ್ನೆಲೆ

ಬೆಂಗಳೂರಿನ ಪೀಣ್ಯದಲ್ಲಿ ಹದಿನೆಂಟು ಜನ ಕೆಲಸ ಮಾಡುವ ಒಂದು ಮಷಿನ್ ಶಾಪ್. ಪಂಪು ಮತ್ತು ವಾಹನದ ಬಿಡಿಭಾಗಗಳನ್ನು ಜಾಬ್‌ವರ್ಕ್ ಲೆಕ್ಕದಲ್ಲಿ ಮಾಡಿಕೊಡುತ್ತಾರೆ. ಪಾಲುದಾರರು ಇಬ್ಬರು, ಭಾವ ಮತ್ತು ಭಾಮೈದ. ಭಾವ ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ಬೆಳೆದವರು. ಭಾಮೈದ ಎಂಬಿಎ ಮುಗಿಸಿ ಬಂದು ಲೆಕ್ಕ, ಬ್ಯಾಂಕು, ಗ್ರಾಹಕರ ಕಡೆ ನೋಡಿಕೊಳ್ಳುತ್ತಾನೆ.

2023ರ ಏಪ್ರಿಲ್‌ನಲ್ಲಿ ಅವರ ಬಳಿ ಮೂರು ವಿಎಂಸಿಗಳಿದ್ದವು, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆದು ಕತ್ತರಿಸುವ ಯಂತ್ರಗಳು. ಮೂರೂ ಎರಡು ಪಾಳಿ ಓಡುತ್ತಿದ್ದವು, ಆದರೂ ಕೆಲಸ ಹೊರಗೆ ಕೊಡಬೇಕಾಗುತ್ತಿತ್ತು. ನಾಲ್ಕನೆಯದು ಬೇಕೇ ಬೇಕು ಎಂಬುದು ಆಗಲೇ ತೀರ್ಮಾನವಾಗಿತ್ತು. ಹೊರಗೆ ಕೊಡುವ ಖರ್ಚು, ಹೊಸ ಆರ್ಡರ್, ಆಪರೇಟರ್ ಸಂಬಳ ಎಲ್ಲ ಹಾಕಿ, ಹಾಕಿದ ಹಣಕ್ಕೆ ವರ್ಷಕ್ಕೆ ಕನಿಷ್ಠ 16% ಪ್ರತಿಫಲ ಬೇಕು ಎಂದು ಹಿಡಿದು ನೋಡಿದ್ದರು. ಅಲ್ಲೂ ಯಂತ್ರ ಗೆದ್ದಿತ್ತು. ಈ 16ನ್ನು ನೆನಪಿಡಿ. ಮುಂದಿನ ತೊಂದರೆಯೆಲ್ಲ ಇದರಿಂದಲೇ ಶುರುವಾಯಿತು.

ಯಂತ್ರದ ಬೆಲೆ 40 ಲಕ್ಷ, ಮೇಲೆ 18% ಜಿಎಸ್‌ಟಿ. ಹಣ ಹೊಂದಿಸಲು ಎರಡು ದಾರಿ. ಒಂದು, ಬ್ಯಾಂಕಿನ ಟರ್ಮ್ ಲೋನ್: 11% ಬಡ್ಡಿ, ಐದು ವರ್ಷ, ಬೆಲೆಯ 25% ಮಾರ್ಜಿನ್ ಎಂದು ಅವರೇ ಕೈಯಿಂದ ಹಾಕಬೇಕು. ಇನ್ನೊಂದು ಲೀಸ್: ಪ್ರತಿ ಮೂರು ತಿಂಗಳಿಗೆ 2.30 ಲಕ್ಷ ಬಾಡಿಗೆ, ಮುಂಗಡವಾಗಿ, ಇಪ್ಪತ್ತು ಕಂತು. 4 ಲಕ್ಷ ಠೇವಣಿ, ಬಡ್ಡಿ ಇಲ್ಲ, ಕೊನೆಯಲ್ಲಿ ವಾಪಸು. ಐದು ವರ್ಷ ಮುಗಿದ ಮೇಲೆ ಯಂತ್ರ ಲೀಸ್ ಕಂಪನಿಗೆ ಹೋಗುತ್ತದೆ. ರಿಪೇರಿ, ವಿಮೆ ಎರಡೂ ಕಡೆ ಇವರದೇ ಜವಾಬ್ದಾರಿ, ಹಾಗಾಗಿ ಹೋಲಿಕೆಯಿಂದ ಅದನ್ನು ಬಿಡಬಹುದು.

ಮೊದಲ ಹಾಳೆ, ಎರಡನೇ ಹಾಳೆ

ಲೀಸ್ ಏಜೆಂಟ್ ಒಂದು ಹಾಳೆ ಕೊಟ್ಟು ಹೋಗಿದ್ದ. ಪೂರ್ತಿ 40 ಲಕ್ಷ ಸಾಲ ತೆಗೆದರೆ ಇಎಂಐ 86,970 ರೂಪಾಯಿ, ಐದು ವರ್ಷಕ್ಕೆ ಒಟ್ಟು 52.18 ಲಕ್ಷ. ಲೀಸ್‌ನಲ್ಲಿ ಒಟ್ಟು 46 ಲಕ್ಷ. "ಆರು ಲಕ್ಷ ಉಳಿತಾಯ. ಮೇಲಾಗಿ ಬಾಡಿಗೆ ಪೂರ್ತಿ ಖರ್ಚು ಅಂತ ತೋರಿಸಬಹುದು, ಇಎಂಐನಲ್ಲಿ ಬಡ್ಡಿ ಮಾತ್ರ ತೋರಿಸಬಹುದು" ಎಂದು ಬರೆದಿತ್ತು.

ಅದರಲ್ಲಿ ಬರೆದದ್ದು ಒಂದೂ ಸುಳ್ಳಲ್ಲ. ಆದರೆ ಬಿಟ್ಟಿದ್ದು ಬಹಳ. ಕೊಂಡವರಿಗೆ ಸವಕಳಿ ಸಿಗುತ್ತದೆ, ಅಂದರೆ ಯಂತ್ರದ ಬೆಲೆಯ ಒಂದು ಪಾಲನ್ನು ಪ್ರತಿ ವರ್ಷ ಖರ್ಚು ಎಂದು ತೋರಿಸಿ ತೆರಿಗೆ ಉಳಿಸಬಹುದು, ಅದು ಹಾಳೆಯಲ್ಲಿ ಇಲ್ಲ. ಐದು ವರ್ಷದ ಕೊನೆಗೆ ಕೊಂಡವರ ಕೈಯಲ್ಲಿ ಯಂತ್ರ ಇರುತ್ತದೆ, ಅದೂ ಇಲ್ಲ. ಠೇವಣಿ ಇಲ್ಲ. ಇವತ್ತಿನ ರೂಪಾಯಿ ಮತ್ತು ನಾಲ್ಕು ವರ್ಷದ ನಂತರದ ರೂಪಾಯಿಯನ್ನು ಸುಮ್ನೆ ಕೂಡಿಸಿದ್ದಾರೆ.

ಭಾಮೈದನಿಗೆ ಇದೆಲ್ಲ ಗೊತ್ತಿತ್ತು. ಅವನು ತಾನೇ ಇನ್ನೊಂದು ಹಾಳೆ ಮಾಡಿದ. ಸವಕಳಿ ಹಾಕಿದ, ತೆರಿಗೆ ಉಳಿತಾಯ ಹಾಕಿದ, ಐದು ವರ್ಷದ ನಂತರ ಮಾರಿದರೆ ಬರುವ 12 ಲಕ್ಷವನ್ನೂ ಹಾಕಿದ, ಠೇವಣಿಯನ್ನೂ ಬಿಡಲಿಲ್ಲ. ಎಲ್ಲವನ್ನೂ 16%ಗೆ ಡಿಸ್ಕೌಂಟ್ ಮಾಡಿದ, ಅಂದರೆ ಮುಂದಿನ ವರ್ಷಗಳ ಹಣವನ್ನು ಆ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದ. ಕೊಳ್ಳುವ ನಿವ್ವಳ ವೆಚ್ಚ 28.11 ಲಕ್ಷ, ಲೀಸ್ ವೆಚ್ಚ 25.78 ಲಕ್ಷ ಬಂತು. ಲೀಸ್ 2.3 ಲಕ್ಷ ಅಗ್ಗ.

"ನೋಡಿ ಭಾವ, ಎಲ್ಲ ಸರಿಯಾಗಿ ಹಾಕಿದರೂ ಲೀಸೇ ಗೆಲ್ಲುತ್ತೆ" ಅಂದ.

ಭಾವನಿಗೆ ಸಮಾಧಾನವಿರಲಿಲ್ಲ. "ಯಂತ್ರವೂ ನಮ್ಮದಲ್ಲ, ಬಾಡಿಗೆಯೂ ಇಷ್ಟು ಕಟ್ಟಬೇಕು. ಅಗ್ಗ ಹೇಗಾಗುತ್ತೋ?" ಎಂದು ಕೇಳಿದರು. ಉತ್ತರ ಸಿಗದೆ ಇಬ್ಬರೂ ನನ್ನ ಕಚೇರಿಗೆ ಬಂದರು.

16 ಎಲ್ಲಿ ತಪ್ಪಿತು

ಹಾಳೆ ತಿರುವಿ ನೋಡಿದೆ. ಹಣದ ಹರಿವುಗಳಲ್ಲಿ ದೊಡ್ಡ ತಪ್ಪಿರಲಿಲ್ಲ. ತಪ್ಪಿದ್ದು ದರದಲ್ಲಿ. ಅದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸೋಣ ಅನ್ನಿಸಿತು.

"ಲೀಸ್ ಪಕ್ಕಕ್ಕಿಡಿ. ಬ್ಯಾಂಕ್ ಸಾಲವನ್ನೇ ಈ ಹಾಳೆಯಲ್ಲಿ ಹಾಕಿ" ಅಂದೆ. ಇವತ್ತು 40 ಲಕ್ಷ ಕೈಗೆ ಬರುತ್ತದೆ. ಲೆಕ್ಕ ಸುಲಭವಾಗಲಿ ಎಂದು ವರ್ಷಕ್ಕೊಂದು ಸಮಾನ ಕಂತು ಅಂದುಕೊಂಡೆವು, 11%ಗೆ ಅದು 10.82 ಲಕ್ಷ. ಪ್ರತಿ ವರ್ಷದ ಬಡ್ಡಿಯ ಮೇಲೆ ಉಳಿಯುವ ತೆರಿಗೆಯನ್ನು ಕಂತಿನಿಂದ ಕಳೆದೆವು. ಮೊದಲ ವರ್ಷ ನಿವ್ವಳ 9.45 ಲಕ್ಷ, ಕೊನೆಯ ವರ್ಷ 10.49 ಲಕ್ಷ. ಈ ಐದನ್ನೂ 16%ಗೆ ಇವತ್ತಿಗೆ ತಂದಾಗ ಮೊತ್ತ 32.3 ಲಕ್ಷ.

ಅಂದರೆ 40 ಲಕ್ಷ ತೆಗೆದುಕೊಂಡು 32.3 ಲಕ್ಷದಷ್ಟೇ ವಾಪಸು ಕೊಟ್ಟ ಹಾಗೆ. ಸಾಲ ಮಾಡಿದ್ದಕ್ಕೇ 7.7 ಲಕ್ಷ ಲಾಭ! ಯಂತ್ರವೂ ಬೇಡ, ಕೆಲಸವೂ ಬೇಡ.

ಭಾಮೈದ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಹೇಳಿದ: "ಹಾಗಾದರೆ ಲೀಸ್‌ಗೂ ಇದೇ ಸುಳ್ಳು ಲಾಭ ಸಿಕ್ಕಿದೆ. ಕೊಳ್ಳುವ ಕಡೆ 40 ಲಕ್ಷ ಇವತ್ತೇ ಕೈಯಿಂದ ಕೊಟ್ಟ ಹಾಗೆ ಇದೆ."

ಹೌದು, ಅಷ್ಟೇ. ಅವನು ಹೋಲಿಸಿದ್ದು ಲೀಸ್ ಎಂಬ ಸಾಲವನ್ನು, ಸಾಲವೇ ಇಲ್ಲದ ನಗದು ಖರೀದಿಯ ಜೊತೆಗೆ. ಅದನ್ನೂ 16ರ ದರದಲ್ಲಿ. ದರ ಏರಿಸಿದಷ್ಟೂ ನಾಳೆ ಕಟ್ಟುವ ಹಣ ಚಿಕ್ಕದಾಗಿ ಕಾಣುತ್ತದೆ. ಆಗ ನಾಳೆ ಕಟ್ಟುವವನೇ ಗೆಲ್ಲುತ್ತಾನೆ, ಯಾರು ಯಾವ ಬಾಡಿಗೆ ಕೇಳಿದರೂ.

16% ಕೆಟ್ಟ ಸಂಖ್ಯೆ ಅಲ್ಲ. ಯಂತ್ರ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅದು ಸರಿ. ಅಲ್ಲಿ ಆರ್ಡರ್ ಬರುತ್ತದೋ ಇಲ್ಲವೋ ಎಂಬ ಅಪಾಯ ಇದೆ. ಆ ಪ್ರಶ್ನೆ ಆಗಲೇ ಮುಗಿದಿದೆ. ಈಗ ಇರುವ ಪ್ರಶ್ನೆ ಹಣ ಯಾರಿಂದ ತರೋಣ ಎಂಬುದು ಮಾತ್ರ. ಲೀಸ್ ಬಾಡಿಗೆ ಕರಾರಿನ ಹಣ, ಆರ್ಡರ್ ಇರಲಿ ಇಲ್ಲದಿರಲಿ ಕಟ್ಟಲೇಬೇಕು. ಅದರ ಸ್ವಭಾವ ಸಾಲದ ಕಂತಿನದೇ. ಹಾಗಾಗಿ ಅದನ್ನು ಸಾಲದ ದರದಲ್ಲೇ ಅಳೆಯಬೇಕು.

ಬಡ್ಡಿ ದರದಿಂದಲೂ ತೆರಿಗೆ ಕಳೆಯಬೇಕು, ಯಾಕೆ

ಹಾಗಾದರೆ 11% ಹಾಕಿದರೆ ಸಾಲದಾ? ಭಾವನೇ ಕೇಳಿದ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ.

ನಾವು ಹಾಳೆಯಲ್ಲಿ ಹಾಕುತ್ತಿರುವ ಹಣವೆಲ್ಲ ತೆರಿಗೆ ಕಳೆದ ಮೇಲಿನದು. ಸಾಲದ ಬಡ್ಡಿಯಲ್ಲೂ ಒಂದು ಪಾಲು ತೆರಿಗೆಯಾಗಿ ವಾಪಸು ಬರುತ್ತದೆ. ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ 30%, ಅದರ ಮೇಲೆ 4% ಸೆಸ್, ಒಟ್ಟು 31.2%. ಇವರ ಆದಾಯ ಒಂದು ಕೋಟಿ ದಾಟುವುದಿಲ್ಲ, ಹಾಗಾಗಿ ಸರ್ಚಾರ್ಜ್ ಇಲ್ಲ. 11ರಲ್ಲಿ 31.2% ಹೋದರೆ ಉಳಿಯುವುದು 7.568. ಇವರಿಗೆ ಸಾಲದ ನಿಜವಾದ ಬೆಲೆ ಅದು.

ಭಾವನಿಗೆ ಒಂದು ಚಿಕ್ಕ ಉದಾಹರಣೆ ಹೇಳಿದೆ. ಮುಂದಿನ ವರ್ಷ ತೆರಿಗೆ ಉಳಿತಾಯ ಕಳೆದು ನಿವ್ವಳ ಒಂದು ಲಕ್ಷ ಕೊಡುವ ಶಕ್ತಿ ನಿಮಗಿದೆ ಅಂದುಕೊಳ್ಳಿ. ಅಷ್ಟರ ಮೇಲೆ ಬ್ಯಾಂಕಿನಿಂದ ಇವತ್ತು ಎಷ್ಟು ಸಾಲ ಎತ್ತಬಹುದು? 92,964 ರೂಪಾಯಿ. ವರ್ಷಕ್ಕೆ ಬಡ್ಡಿ 10,226. ಅದರ ಮೇಲೆ ತೆರಿಗೆ ಉಳಿಯುವುದು 3,191. ಕೈಯಿಂದ ಹೋಗುವ ಬಡ್ಡಿ 7,035. ಅಸಲು ಸೇರಿದರೆ ಒಂದು ಲಕ್ಷ. ಹೀಗೆ ಲೀಸ್‌ನ ಪ್ರತಿ ನಿವ್ವಳ ಬಾಡಿಗೆಯನ್ನೂ "ಇದೇ ಹಣ ಬ್ಯಾಂಕಿಗೆ ಕಟ್ಟಿದ್ದರೆ ಇವತ್ತು ಎಷ್ಟು ಸಾಲ ಸಿಗುತ್ತಿತ್ತು" ಎಂದು ಕೇಳುತ್ತಾ ಹೋದರೆ, ಬರುವ ಮೊತ್ತವೇ ಲೀಸ್‌ನ ಇಂದಿನ ಬೆಲೆ. ಡಿಸ್ಕೌಂಟ್ ಮಾಡುವುದು ಎಂದರೆ ಇಲ್ಲಿ ಇಷ್ಟೇ.

ಮತ್ತೆ ಅದೇ ಪರೀಕ್ಷೆ ಮಾಡಿದೆವು. ಬ್ಯಾಂಕ್ ಸಾಲದ ಐದು ನಿವ್ವಳ ಕಂತುಗಳನ್ನು 7.568%ಗೆ ಇವತ್ತಿಗೆ ತಂದಾಗ ಬಂದದ್ದು 40 ಲಕ್ಷ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಸಾಲದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ದರ ಸರಿ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಸಾಲದ ಇಂದಿನ ಬೆಲೆ ಸಾಲದಷ್ಟೇ ಆದ್ದರಿಂದ ಕೊಳ್ಳುವ ಕಡೆ ಇಎಂಐ, ಬಡ್ಡಿ ಯಾವುದನ್ನೂ ಬರೆಯಬೇಕಿಲ್ಲ. 40 ಲಕ್ಷ ಇವತ್ತು ಹೋಯಿತು ಎಂದು ಬರೆದರೆ ಸಾಕು. ಬಡ್ಡಿಯನ್ನೂ ಕಳೆದು ದರದಲ್ಲೂ ಬಡ್ಡಿ ಸೇರಿಸಿದರೆ ಎರಡು ಸಲ ಎಣಿಸಿದಂತಾಗುತ್ತದೆ. ಬಹಳ ಹಾಳೆಗಳಲ್ಲಿ ನಾನು ಕಂಡಿರುವ ತಪ್ಪು ಇದು.

ಮೂರನೇ ಹಾಳೆ

ಲೀಸ್ ಕಡೆ ಸರಳ. ಇಪ್ಪತ್ತು ಬಾಡಿಗೆಗಳು, ಮೂರು ತಿಂಗಳಿಗೊಮ್ಮೆ, ಮುಂಗಡ. ಎಕ್ಸೆಲ್‌ನಲ್ಲಿ ಒಂದೇ ಸಾಲು, ಮೊತ್ತ ಲಕ್ಷಗಳಲ್ಲಿ:

```
=PV(1.07568^(1/4)-1, 20, -2.3, 0, 1)
```

ಉತ್ತರ 38.90. ಕೊನೆಯ 1 ಮುಂಗಡ ಎಂಬುದಕ್ಕೆ. ಅದನ್ನು ಮರೆತರೆ ಲೀಸ್ ಸುಮ್ನೆ ಅಗ್ಗವಾಗಿ ಕಾಣುತ್ತದೆ. ವರ್ಷದ 9.2 ಲಕ್ಷ ಬಾಡಿಗೆಯ ಮೇಲೆ ಉಳಿಯುವ ತೆರಿಗೆ 2.87 ಲಕ್ಷ. ಅದನ್ನು ಪ್ರತಿ ವರ್ಷದ ಕೊನೆಗೆ ಬಂತು ಎಂದಿಟ್ಟರೆ ಇಂದಿನ ಬೆಲೆ 11.59. ಠೇವಣಿ ಐದು ವರ್ಷ ಬಡ್ಡಿ ಇಲ್ಲದೆ ಕೂರುವುದರಿಂದ ಆಗುವ ನಷ್ಟ 1.22. ಒಟ್ಟು ಲೀಸ್ ವೆಚ್ಚ 28.53 ಲಕ್ಷ.

ಲೀಸ್‌ಗೆ ತೆಗೆದುಕೊಂಡವರು ಸವಕಳಿ ಕೇಳುವ ಹಾಗಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮಣಿಪಾಲದ ಐಸಿಡಿಎಸ್ ಕಂಪನಿಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ವಾಹನಗಳನ್ನು ಲೀಸ್‌ಗೆ ಕೊಟ್ಟ ಕಂಪನಿಗೇ ಸವಕಳಿ ಸಲ್ಲುತ್ತದೆ ಎಂದು ಹೇಳಿತು. ಬಾಡಿಗೆ ಕಟ್ಟುವವರಿಗೆ ಬಾಡಿಗೆ ಖರ್ಚು, ಮಾಲೀಕರಿಗೆ ಸವಕಳಿ.

ಕೊಳ್ಳುವ ಕಡೆ ನಿಧಾನವಾಗಿ ನೋಡಬೇಕು. ಆದಾಯ ತೆರಿಗೆಯಲ್ಲಿ ಯಂತ್ರಕ್ಕೆ ಇಳಿಯುವ ಬಾಕಿಯ ಮೇಲೆ ವರ್ಷಕ್ಕೆ 15% ಸವಕಳಿ. ತಯಾರಿಕೆ ಮಾಡುವವರು ಹೊಸ ಯಂತ್ರ ತಂದರೆ ಮೊದಲ ವರ್ಷ ಇನ್ನೂ 20% ಹೆಚ್ಚುವರಿ ಸವಕಳಿ ಇತ್ತು. ಕಡಿಮೆ ದರದ ಹೊಸ ತೆರಿಗೆ ಪದ್ಧತಿಗೆ ಹೋದ ಕಂಪನಿಗಳಿಗೆ ಇದು ಸಿಗುವುದಿಲ್ಲ. ಪಾಲುದಾರಿಕೆ ಸಂಸ್ಥೆಗೆ ಆ ಪದ್ಧತಿಯೇ ಇಲ್ಲದ್ದರಿಂದ ಇವರಿಗೆ ಸಿಗುತ್ತಿತ್ತು. ಭಾಮೈದ ಅದನ್ನು ತನ್ನ ಹಾಳೆಯಲ್ಲೇ ಸರಿಯಾಗಿ ಹಿಡಿದಿದ್ದ. ಲೆಕ್ಕ ಹೀಗೆ, ಎಲ್ಲ ಲಕ್ಷಗಳಲ್ಲಿ:

| ವರ್ಷ | ಸವಕಳಿ | ಉಳಿಯುವ ತೆರಿಗೆ | ಇಂದಿನ ಬೆಲೆ |
|---|---|---|---|
| 1 | 14.00 | 4.37 | 4.06 |
| 2 | 3.90 | 1.22 | 1.05 |
| 3 | 3.32 | 1.03 | 0.83 |
| 4 | 2.82 | 0.88 | 0.66 |
| 5 | 2.40 | 0.75 | 0.52 |

ಒಟ್ಟು 7.12 ಲಕ್ಷ. ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷದ್ದೇ. ಒಂದು ಎಚ್ಚರಿಕೆ ಇದೆ. ಆ ಹಣಕಾಸು ವರ್ಷದಲ್ಲಿ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ. ಹೆಚ್ಚುವರಿ ಸವಕಳಿಯ ಉಳಿದ ಅರ್ಧ ಮುಂದಿನ ವರ್ಷಕ್ಕೆ ಹೋಗುತ್ತದೆ. ಅಂದರೆ ಅಕ್ಟೋಬರ್ ಮೊದಲ ವಾರದೊಳಗೆ ಯಂತ್ರ ಓಡಲೇಬೇಕು. ಬಿಲ್ಲಿನ ತಾರೀಕು ಸಾಲದು, ಬಳಕೆ ಶುರುವಾಗಿರಬೇಕು.

ಮರುಮಾರಾಟ ಬೆಲೆಗೆ ಭಾವ ಹಳೇ ಯಂತ್ರ ಕೊಂಡು ಮಾರುವ ಇಬ್ಬರನ್ನು ಕೇಳಿ ಬಂದಿದ್ದರು. ಅದೇ ಅಳತೆಯ ಐದು ವರ್ಷ ಓಡಿದ ವಿಎಂಸಿಗೆ 11ರಿಂದ 14 ಲಕ್ಷ ಎಂದಿದ್ದರು. ಸ್ಪಿಂಡಲ್ ಹೇಗಿದೆ ಎಂಬುದರ ಮೇಲೆ ಬೆಲೆ. 12 ಇಟ್ಟುಕೊಂಡೆವು. ಇದನ್ನು ಮಾತ್ರ 7.57%ಗೆ ತರಲಿಲ್ಲ. ಅದು ಕರಾರಿನ ಹಣವಲ್ಲ, ಆ ಹೊತ್ತಿನ ಮಾರುಕಟ್ಟೆ ಕೊಟ್ಟಷ್ಟು. ಹಾಗಾಗಿ 15%ಗೆ ತಂದೆವು. 7.57%ಗೆ ತಂದಿದ್ದರೆ ಅದರ ಇಂದಿನ ಬೆಲೆ 8.33 ಲಕ್ಷ ಆಗುತ್ತಿತ್ತು, 15%ಗೆ ಬಂದದ್ದು 5.97. ಈ 15 ನಮ್ಮ ಅಂದಾಜು, ಯಾವ ನಿಯಮವೂ ಅಲ್ಲ. ಕೊಳ್ಳುವ ಕಡೆಗೆ ಪಕ್ಷಪಾತ ಆಗದಿರಲಿ ಎಂದು ಬಿಗಿಯಾಗಿ ಹಿಡಿದೆವು.

ಇಲ್ಲಿ ಪಠ್ಯಪುಸ್ತಕದ ಲೆಕ್ಕ ನಮ್ಮ ದೇಶಕ್ಕೆ ಸರಿಹೊಂದದ ಒಂದು ಜಾಗ ಇದೆ. ಐದನೇ ವರ್ಷದ ಕೊನೆಗೆ ಪುಸ್ತಕದಲ್ಲಿ ಯಂತ್ರದ ಬಾಕಿ 13.57 ಲಕ್ಷ. ಅದನ್ನು 12ಕ್ಕೆ ಮಾರಿದರೆ 1.57 ಲಕ್ಷ ನಷ್ಟ, ಅದರ ಮೇಲೆ ತಕ್ಷಣ ತೆರಿಗೆ ಉಳಿಯಿತು ಎಂದು ಬಹಳ ಜನ ಬರೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದೇ ಬ್ಲಾಕ್. ಮಾರಿದ ಹಣ ಬ್ಲಾಕಿನಿಂದ ಕಳೆದುಹೋಗುತ್ತದೆ. ಉಳಿದ 1.57 ಲಕ್ಷ ಇತರ ಮೂರು ಯಂತ್ರಗಳ ಜೊತೆ ಸೇರಿ ವರ್ಷಕ್ಕೆ 15%ನಂತೆ ಕರಗುತ್ತಾ ಹೋಗುತ್ತದೆ. ಅದರ ಇಂದಿನ ಬೆಲೆ 0.23 ಲಕ್ಷ. ಇಲ್ಲಿ ಮೊತ್ತ ಚಿಕ್ಕದು. ಯಂತ್ರ ಗುಜರಿ ಬೆಲೆಗೆ ಹೋಗುವ ಪ್ರಕರಣದಲ್ಲಿ ಅದೇ ದೊಡ್ಡದಾಗುತ್ತದೆ.

ಕೊನೆಗೆ ಜಿಎಸ್‌ಟಿ. 7.2 ಲಕ್ಷ ಮೊದಲೇ ಕಟ್ಟಬೇಕು, ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಬರುತ್ತದೆ. ಇವರ ಬಿಲ್ಲಿಂಗ್ ನೋಡಿದರೆ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಅಷ್ಟು ದಿನ ಹಣ ಸಿಕ್ಕಿಕೊಳ್ಳುವ ವೆಚ್ಚ ಒಂಬತ್ತು ಸಾವಿರದಷ್ಟು, ಅಂದರೆ 0.09 ಲಕ್ಷ.

ಎಲ್ಲ ಸೇರಿ ಕೊಳ್ಳುವ ವೆಚ್ಚ: 40ರಿಂದ 7.12, 5.97, 0.23 ಕಳೆದು 0.09 ಸೇರಿಸಿದರೆ 26.77 ಲಕ್ಷ. ಲೀಸ್ 28.53. ಕೊಳ್ಳುವುದು 1.76 ಲಕ್ಷ ಅಗ್ಗ. ಅದೇ ಯಂತ್ರ, ಅದೇ ಬಾಡಿಗೆ. ಮುಖ್ಯವಾಗಿ ದರ ಬದಲಾದದ್ದಕ್ಕೇ ಉತ್ತರ ತಿರುಗಿತು.

ಇನ್ನೊಂದು ದಿಕ್ಕಿನಿಂದಲೂ ನೋಡಿದೆವು. ಯಾವ ದರದಲ್ಲಿ ಎರಡೂ ಸಮ ಆಗುತ್ತವೆ? ತೆರಿಗೆ ನಂತರ ಸುಮಾರು 11%ನಲ್ಲಿ. ಅದನ್ನು ತೆರಿಗೆ ಕಳೆದು ಉಳಿಯುವ ಪಾಲಾದ 0.688ರಿಂದ ಭಾಗಿಸಿದರೆ 16%. ಅಂದರೆ ಆ ಲೀಸ್, ಬ್ಯಾಂಕು 11%ಗೆ ಕೊಡುತ್ತಿದ್ದಾಗ 16%ಗೆ ಕೊಟ್ಟ ಸಾಲ. ಭಾವನಿಗೆ ಈ ಒಂದು ವಾಕ್ಯ ಸಾಕಾಯಿತು.

"ನಮ್ಮ ಹತ್ತು ಲಕ್ಷ ದುಡಿಯುತ್ತೆ ಅಲ್ವಾ?"

ಭಾಮೈದ ಸುಲಭಕ್ಕೆ ಬಿಡಲಿಲ್ಲ. ಅವನ ವಾದಕ್ಕೂ ತೂಕವಿತ್ತು. ಬ್ಯಾಂಕು 30 ಲಕ್ಷ ಮಾತ್ರ ಕೊಡುತ್ತದೆ, 10 ಲಕ್ಷ ನಮ್ಮದು. ಆ ಹತ್ತು ಲಕ್ಷ ಧಂದೆಯಲ್ಲಿದ್ದರೆ 16% ದುಡಿಯುತ್ತದೆ ಅಲ್ವಾ? ಹಾಗಾದರೆ ಆ ಭಾಗಕ್ಕಾದರೂ 16 ಹಾಕಬೇಕು.

ಆ ಹತ್ತು ಲಕ್ಷ ಈಗ ಎಲ್ಲಿದೆ ಎಂದು ಕೇಳಿದೆ. ಫಿಕ್ಸೆಡ್ ಡಿಪಾಸಿಟ್‌ನಲ್ಲಿ. ಬರುತ್ತಿದ್ದದ್ದು 7%ಗಿಂತ ಕಡಿಮೆ, ಅದಕ್ಕೂ ತೆರಿಗೆ. ಕೈಗೆ 5%ಕ್ಕಿಂತ ಕಡಿಮೆ. ಧಂದೆಯಲ್ಲಿ ದುಡಿಯುತ್ತಿಲ್ಲ, ಸುಮ್ಮನೆ ಕೂತಿದೆ.

ಇನ್ನೊಂದು ವಿಷಯ ಬ್ಯಾಂಕಿನಲ್ಲೇ ಕೇಳಿ ತಿಳಿಯಬೇಕಿತ್ತು. ಲೀಸ್ ತೆಗೆದುಕೊಂಡರೆ ಸಾಲ ಮಾಡುವ ಶಕ್ತಿ ಹಾಗೇ ಉಳಿಯುತ್ತದೆ ಎಂದು ಏಜೆಂಟ್ ಹೇಳಿದ್ದ. ಇಬ್ಬರೂ ಹೋಗಿ ಮ್ಯಾನೇಜರ್ ಅವರನ್ನು ಕೇಳಿದರು. ಕರಾರಿನ ಬಾಡಿಗೆಯನ್ನೂ ಕಂತಿನ ಹಾಗೆಯೇ ಎಣಿಸಿ ಸಾಲ ತೀರಿಸುವ ಶಕ್ತಿ ಅಳೆಯುತ್ತೇವೆ ಎಂದು ಅವರು ಹೇಳಿದರು. ಅಲ್ಲಿಗೆ ಲೀಸ್ ಸಾಲದ ಜಾಗವನ್ನೇ ತಿನ್ನುತ್ತದೆ ಎಂಬುದು ಖಚಿತವಾಯಿತು. ಸಾಲದ ದರದಲ್ಲಿ ಅಳೆಯುವುದಕ್ಕೆ ಆಧಾರವೇ ಇದು. ಬ್ಯಾಂಕು ಬಾಡಿಗೆಯನ್ನು ನಿಜವಾಗಿಯೂ ಲೆಕ್ಕಕ್ಕೆ ಹಿಡಿಯದಿದ್ದರೆ ಅಥವಾ ಸಂಸ್ಥೆಗೆ ಎಲ್ಲೂ ಸಾಲವೇ ಹುಟ್ಟದಿದ್ದರೆ, ಈ ಹಾಳೆಯ ಉತ್ತರವನ್ನು ನಾನು ಇಷ್ಟು ನಂಬುತ್ತಿರಲಿಲ್ಲ.

ಮರುಮಾರಾಟ ಬೆಲೆ ಎಷ್ಟು ಬಿದ್ದರೆ ಉತ್ತರ ತಿರುಗುತ್ತದೆ ಎಂದೂ ನೋಡಿದೆವು. 12ರಿಂದ 7 ಲಕ್ಷಕ್ಕೆ ಇಳಿದರೆ ಎರಡೂ ಸಮ. ಭಾವ ಅದನ್ನು ಕೇಳಿ, "ಐದು ವರ್ಷಕ್ಕೆ ನಾನು ಯಂತ್ರ ಮಾರೋದೇ ಇಲ್ಲ ಸರ್. ನಮ್ಮ ಮೊದಲ ಯಂತ್ರ ಹನ್ನೊಂದು ವರ್ಷದ್ದು, ಇನ್ನೂ ಓಡ್ತಿದೆ" ಅಂದರು. ಅದು ಹಾಳೆಯಲ್ಲಿ ಇರಲಿಲ್ಲ. ಇಟ್ಟುಕೊಂಡು ಓಡಿಸುವವರಿಗೆ ಯಂತ್ರದ ಬೆಲೆ ಹಳೇ ಮಾರುಕಟ್ಟೆ ಬೆಲೆಗಿಂತ ಜಾಸ್ತಿ.

ಏಜೆಂಟ್ ವಾಪಸು ಬಂದ

ಭಾಮೈದ ಈಗ ಏಜೆಂಟ್‌ಗೆ ಒಂದು ಸಂಖ್ಯೆ ಹೇಳಬಲ್ಲವನಾಗಿದ್ದ. ಠೇವಣಿ 4 ಲಕ್ಷವೇ ಇದ್ದರೆ ಬಾಡಿಗೆ 2.15 ಲಕ್ಷ ಆಗಬೇಕು. ಠೇವಣಿ ಬಿಟ್ಟರೆ 2.25 ಲಕ್ಷಕ್ಕೆ ನಾವು ಸಮ. ಅದಕ್ಕಿಂತ ಕೆಳಗೆ ಬಂದರೆ ಲೀಸ್ ತೆಗೆದುಕೊಳ್ಳುತ್ತೇವೆ. ಹತ್ತು ದಿನದ ನಂತರ ಏಜೆಂಟ್ 2.25 ಲಕ್ಷ ಬಾಡಿಗೆ, 2 ಲಕ್ಷ ಠೇವಣಿಗೆ ಬಂದ. ಲೀಸ್ ವೆಚ್ಚ 27.32ಕ್ಕೆ ಇಳಿಯಿತು. ಅಂತರ ಈಗ 55 ಸಾವಿರದಷ್ಟು.

ಐದು ವರ್ಷದ ಲೆಕ್ಕದಲ್ಲಿ 55 ಸಾವಿರಕ್ಕೆ ಹೆಚ್ಚು ಅರ್ಥವಿಲ್ಲ. ಮರುಮಾರಾಟ ಬೆಲೆಯ ಅಂದಾಜಿನಲ್ಲೇ ಅದಕ್ಕಿಂತ ದೊಡ್ಡ ತಪ್ಪು ಇರಬಹುದು. ಆಗ ಕರಾರು ಓದಿದೆವು. ಎರಡು ಸಾಲು ಕಣ್ಣಿಗೆ ಬಿದ್ದವು. ನಡುವೆ ಬಿಟ್ಟರೆ ಉಳಿದ ಎಲ್ಲ ಬಾಡಿಗೆಯನ್ನೂ ಕಟ್ಟಬೇಕು. ಯಂತ್ರಕ್ಕೆ ಯಾವ ಜೋಡಣೆ ಮಾಡಿದರೂ ಲಿಖಿತ ಒಪ್ಪಿಗೆ ಬೇಕು. ಯಂತ್ರ ಬೇಡವಾದಾಗ ವಾಪಸು ಕೊಡಬಹುದು ಎಂಬುದು ಲೀಸ್‌ನ ನಿಜವಾದ ಲಾಭ, ಅದಕ್ಕೆ ಬೆಲೆ ಕೊಡಬಹುದಿತ್ತು. ಈ ಕರಾರಿನಲ್ಲಿ ಆ ಲಾಭವೇ ಇರಲಿಲ್ಲ. ಕೊಳ್ಳುವುದೆಂದು ತೀರ್ಮಾನವಾಯಿತು.

ಆಮೇಲೆ

ಯಂತ್ರ ಜೂನ್‌ನಲ್ಲಿ ಬಂತು. ಅಡಿಪಾಯ, ವಿದ್ಯುತ್ ಹೊರೆ ಹೆಚ್ಚಿಸುವುದು, ಟ್ರಯಲ್ ಎಲ್ಲ ಸೇರಿ ಜುಲೈನಲ್ಲಿ ಉತ್ಪಾದನೆ ಶುರು. ಮೊದಲ ಪಾಳಿಯ ಜಾಬ್‌ಕಾರ್ಡ್ ಮತ್ತು ಇನ್‌ಸ್ಟಲೇಷನ್ ವರದಿಯನ್ನು ತೆಗೆದಿಟ್ಟೆವು. ಪೂರ್ತಿ ಸವಕಳಿ ಕೇಳಲು ಅದೇ ದಾಖಲೆ.

2024ರ ಫೆಬ್ರವರಿಯಲ್ಲಿ ಕಷ್ಟವಾಯಿತು. ಒಬ್ಬ ದೊಡ್ಡ ಗ್ರಾಹಕರು 45 ದಿನಕ್ಕೆ ಕೊಡುತ್ತಿದ್ದ ಹಣವನ್ನು ನೂರು ದಿನಕ್ಕೆ ಎಳೆದರು. ಕ್ಯಾಶ್ ಕ್ರೆಡಿಟ್ ಮಿತಿ ಮುಟ್ಟಿತು. ಡಿಪಾಸಿಟ್ ಆಗಲೇ ಯಂತ್ರಕ್ಕೆ ಹೋಗಿತ್ತು. ಆ ತಿಂಗಳ ಸಂಬಳ ಒಂದು ವಾರ ತಡವಾಯಿತು. ಅದು ನನಗೆ ಇವತ್ತಿಗೂ ಬೇಜಾರು. ಕೊಳ್ಳುವಾಗ ಮೊದಲ ತಿಂಗಳು ಮಾರ್ಜಿನ್ ಮತ್ತು ಜಿಎಸ್‌ಟಿ ಸೇರಿ 17.2 ಲಕ್ಷ ಹೋಗಿತ್ತು. ಮೊದಲ ಲೀಸ್ ಕೊಡುಗೆಯಲ್ಲಿ ಠೇವಣಿ, ಮೊದಲ ಬಾಡಿಗೆ, ಅದರ ಜಿಎಸ್‌ಟಿ ಸೇರಿ 6.7 ಲಕ್ಷ ಸಾಕಿತ್ತು. ನಾವು ವೆಚ್ಚವನ್ನು ಸರಿಯಾಗಿ ಅಳೆದೆವು, ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆಯಲಿಲ್ಲ. ಅದಕ್ಕೆ ಪರಿಹಾರ ಲೀಸ್ ಆಗಬೇಕಿರಲಿಲ್ಲ. 11.5% ಬಡ್ಡಿಯಾದರೂ ಸರಿ, 15% ಮಾರ್ಜಿನ್ ಇರುವ ಸಾಲ ಕೇಳಬೇಕಿತ್ತು. ನಾಲ್ಕು ಲಕ್ಷ ಡಿಪಾಸಿಟ್‌ನಲ್ಲೇ ಉಳಿಯುತ್ತಿತ್ತು.

ಅದೇ ವರ್ಷದ ಕೊನೆಗೆ ಯಂತ್ರ ತಂದದ್ದು ಯಾವ ಭಾಗಕ್ಕೋ ಆ ಆರ್ಡರ್ ಅರ್ಧಕ್ಕಿಳಿಯಿತು. ಭಾವ ಯಂತ್ರಕ್ಕೆ ನಾಲ್ಕನೇ ಆಕ್ಸಿಸ್ ರೋಟರಿ ಟೇಬಲ್ ಕೂರಿಸಿ ಬೇರೆ ಕೆಲಸಕ್ಕೆ ತಿರುಗಿಸಿದರು. ಯಾರ ಒಪ್ಪಿಗೆಗೂ ಕಾಯಬೇಕಾಗಲಿಲ್ಲ.

2025ರಲ್ಲಿ ಒಂದು ಅಳತೆ ಯಂತ್ರ ಬೇಕಾಯಿತು. ಒಬ್ಬ ಗ್ರಾಹಕರ ಮೂರು ವರ್ಷದ ಕೆಲಸಕ್ಕೆ ಮಾತ್ರ. ಭಾಮೈದ ಹಾಳೆ ಕಳಿಸಿದ. ಮೇಲಿನ ಸಾಲಿನಲ್ಲಿ ಬ್ಯಾಂಕ್ ಸಾಲವನ್ನು ಹಾಕಿ ಸೊನ್ನೆ ಬಂದಿದೆಯೇ ಎಂದು ಮೊದಲೇ ಪರೀಕ್ಷಿಸಿದ್ದ. ಮರುಮಾರಾಟ ಬೆಲೆ ಕೇಳಲು ಹೋದರೆ ಯಾರೂ ಖಚಿತವಾಗಿ ಹೇಳಲಿಲ್ಲ, ಲೀಸ್ ಕರಾರಿನಲ್ಲಿ ಎರಡು ವರ್ಷದ ನಂತರ ವಾಪಸು ಕೊಡುವ ಅವಕಾಶ ಇತ್ತು, ಠೇವಣಿ ಇರಲಿಲ್ಲ. ಆ ಸಲ ಲೀಸ್ ಅಗ್ಗವಾಗಿತ್ತು. ಅದನ್ನೇ ತಂದರು.